ಮ್ಯಾಚ್ ಆದವರು ಒಂದೇ ಕಚೇರಿಯವರೆಂದು ತಿಳಿದಾಗ ಮೊದಲು ಎಲ್ಲಿ, ಹೇಗೆ ಹೇಳುವುದು?

ಕೊಟ್ಟಾರ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಒಂದು ಖಾಸಗಿ ಸಂಸ್ಥೆಯ ಹಣಕಾಸು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಇತ್ತೀಚೆಗೆ ಟಿಂಡರ್‌ನಲ್ಲಿ ಒಬ್ಬರೊಂದಿಗೆ ಮ್ಯಾಚ್ ಆಯಿತು. ಅವರು ತಮ್ಮ ಹೆಸರನ್ನು ಅರ್ಧ ಮಾತ್ರ ಹಾಕಿದ್ದರು, ಫೋಟೊಗಳೆಲ್ಲ ತಣ್ಣೀರುಬಾವಿಯ ಸಂಜೆಯ ಬೆಳಕಿಗೆ ಬೆನ್ನು ಮಾಡಿ ತೆಗೆದವು, ಉದ್ಯೋಗದ ವಿವರ ಇರಲಿಲ್ಲ. ನಾನೂ ಮನೆಯಲ್ಲಿ ಕರೆಯುವ ಹೆಸರನ್ನೇ ಕೊಟ್ಟು, ಸಂಸ್ಥೆಯ ಹೆಸರನ್ನು ಮರೆಮಾಡಿದ್ದೆ. ಇಬ್ಬರಿಗೂ ಯಕ್ಷಗಾನ ಇಷ್ಟ. ಇಡೀ ರಾತ್ರಿಯ ಆಟ ಮತ್ತು ಕಾಲಮಿತಿಯ ಆಟದ ಕುರಿತು ಕೆಲವು ದಿನ ಬಹಳ ಚೆನ್ನಾಗಿ ಮಾತು ನಡೆಯಿತು. ನಡುವೆ ಅವರು ತಮ್ಮ ಕಚೇರಿಯ ಕ್ಯಾಂಟೀನಿನ ನೀರುದೋಸೆಯನ್ನೂ, ಪದೇ ಪದೇ ಕೆಟ್ಟು ನಿಲ್ಲುವ ಎಡಬದಿಯ ಲಿಫ್ಟನ್ನೂ ವರ್ಣಿಸಿದಾಗ, ಅದು ನಮ್ಮದೇ ಕಟ್ಟಡವೆಂದು ನನಗೆ ತಿಳಿಯಿತು. ಅವರು ಕೆಳಗಿನ ಮಹಡಿಯ ಆಂತರಿಕ ಲೆಕ್ಕಪರಿಶೋಧನೆಯ ತಂಡದಲ್ಲಿದ್ದಾರೆ. ಮೂರು ತಿಂಗಳಿಗೊಮ್ಮೆ ನಮ್ಮ ವಿಭಾಗದ ವೋಚರುಗಳನ್ನು ಪರಿಶೀಲಿಸುವುದು ಅದೇ ತಂಡ, ಮುಂದಿನ ವಾರವೇ ಅದರ ಸಭೆಯಿದೆ. ಸುರತ್ಕಲ್‌ನಿಂದ ಹೊರಟು ಕೊಟ್ಟಾರ ಚೌಕಿಯ ಮೂಲಕ ಬರುವ ಕಚೇರಿಯ ಕ್ಯಾಬಿನಲ್ಲಿ ನಾವಿಬ್ಬರೂ ಹಲವು ಸಲ ಜೊತೆಗೆ ಕುಳಿತಿರಬಹುದು.

ಇನ್‌ಸ್ಟಾಗ್ರಾಂನಲ್ಲಿ ನೋಡಿದರೆ ಇಬ್ಬರಿಗೂ ಪರಿಚಿತರಾದವರು ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಅವರಲ್ಲಿ ನನ್ನ ಕಾಲೇಜಿನ ಸಹಪಾಠಿಗಳೂ, ನನ್ನ ಚಿಕ್ಕಮ್ಮನ ಮಗಳೂ ಸೇರಿದ್ದಾರೆ.

ನಾನು ಯಾರೆಂಬುದು ಅವರಿಗೆ ಇನ್ನೂ ತಿಳಿದಂತೆ ಕಾಣುವುದಿಲ್ಲ. ಅವರ ಮೇಲೆ ನನಗೆ ಒಳ್ಳೆಯ ಅಭಿಪ್ರಾಯವಿದೆ, ಮಾತು ಮುಂದುವರಿಸುವ ಇಚ್ಛೆಯೂ ಇದೆ. ಆದರೆ ಸಭೆಯಲ್ಲಿ ಎದುರುಬದುರು ಕುಳಿತಾಗ ಅವರು ನನ್ನನ್ನು ಗುರುತಿಸಿಬಿಟ್ಟರೆ ಇಬ್ಬರಿಗೂ ಆಗುವ ಮುಜುಗರವನ್ನು ನೆನೆದರೆ ನಿದ್ರೆ ಬರುವುದಿಲ್ಲ. ನಾನೇ ಹೇಳಬೇಕೇ, ಹೇಳುವುದಾದರೆ ಎಲ್ಲಿ ಮತ್ತು ಹೇಗೆ ಹೇಳಬೇಕು? ಇಂತಹ ಸಂದರ್ಭವನ್ನು ಕಂಡವರು ದಯವಿಟ್ಟು ತಿಳಿಸಿ.

ಮಣಿಪಾಲದ ಓದುಗ

ಇದಕ್ಕೆ ಆಪ್‌ನಲ್ಲಿಯೇ ಪರಿಹಾರವಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಸಂಪರ್ಕಗಳನ್ನು ತಡೆಹಿಡಿಯುವ ಆಯ್ಕೆಯನ್ನು ಆರಿಸಿ, ನಿಮ್ಮ ಫೋನಿನಲ್ಲಿರುವ ಸಹೋದ್ಯೋಗಿಗಳ ಸಂಖ್ಯೆಗಳನ್ನೆಲ್ಲ ಅದಕ್ಕೆ ಸೇರಿಸಿದರೆ ಅವರು ನಿಮಗೂ ನೀವು ಅವರಿಗೂ ಕಾಣಿಸುವುದಿಲ್ಲ. ಈಗ ಆಗಿರುವ ಮ್ಯಾಚನ್ನು ಸುಮ್ಮನೆ ಅನ್‌ಮ್ಯಾಚ್ ಮಾಡಿ. ಮಾತುಕತೆಯೆಲ್ಲ ಅಳಿದುಹೋಗುತ್ತದೆ, ನೀವು ಯಾರೆಂದು ಅವರಿಗೆ ತಿಳಿಯುವ ದಾರಿಯೇ ಇರುವುದಿಲ್ಲ. ಇಷ್ಟು ಸರಳವಾದ ಕೆಲಸಕ್ಕೆ ಸಂದೇಶ ಬರೆದು ವಿವರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಪಡುಬಿದ್ರಿ ಕಡಲು

ಮಣಿಪಾಲದ ಓದುಗರು ಹೇಳಿದ ಆಯ್ಕೆ ಇರುವುದು ನಿಜ, ಟಿಂಡರ್‌ನಲ್ಲಿಯೂ ಹಿಂಜ್‌ನಲ್ಲಿಯೂ ನಾನದನ್ನು ಬಳಸಿದ್ದೇನೆ. ಆದರೆ ಅದಕ್ಕೆ ಮಿತಿಗಳಿವೆ. ಎದುರಿನವರು ಆಪ್‌ಗೆ ಸೇರುವಾಗ ಕೊಟ್ಟ ಸಂಖ್ಯೆ ಅಥವಾ ಇಮೇಲ್ ನಿಮ್ಮ ಬಳಿ ಇರುವುದಕ್ಕೆ ಹೊಂದಿಕೆಯಾದರೆ ಮಾತ್ರ ಅದು ಕೆಲಸ ಮಾಡುತ್ತದೆ. ನಮ್ಮಲ್ಲಿ ಎಷ್ಟೋ ಜನ ಕಚೇರಿಯವರಿಗೆ ಒಂದು ಸಂಖ್ಯೆಯನ್ನೂ ಮನೆಯವರಿಗೆ ಇನ್ನೊಂದನ್ನೂ ಕೊಟ್ಟಿರುತ್ತಾರೆ, ಅಂಥವರು ಈ ತಡೆಯನ್ನು ದಾಟಿ ಕಾಣಿಸುತ್ತಾರೆ. ಇನ್ನೊಂದು ಮಹಡಿಯ, ಹೆಸರೇ ಗೊತ್ತಿಲ್ಲದ ಸಹೋದ್ಯೋಗಿಯ ಸಂಖ್ಯೆ ನಮ್ಮ ಫೋನಿನಲ್ಲಿ ಇರುವುದೇ ಇಲ್ಲ. ಈ ಆಯ್ಕೆ ಮುಂದೆ ಕಾಣಿಸಬಹುದಾದವರಿಗಾಗಿ ಇರುವುದೇ ಹೊರತು, ಈಗಾಗಲೇ ಮಾತನಾಡಿದವರ ನೆನಪನ್ನು ಅಳಿಸುವುದಕ್ಕಲ್ಲ.

ಅನ್‌ಮ್ಯಾಚ್ ಮಾಡಿದರೆ ಸಂಭಾಷಣೆ ಎರಡೂ ಕಡೆಯಿಂದ ಮಾಯವಾಗುತ್ತದೆ ಎಂಬುದು ಸರಿ. ಆದರೆ ಅವರು ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅದು ಉಳಿದೇ ಇರುತ್ತದೆ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಸಭೆಯಲ್ಲಿ ನಿಮ್ಮ ಮುಖವನ್ನು ಗುರುತಿಸಿದರೆ, ಚೆನ್ನಾಗಿ ಮಾತನಾಡುತ್ತಿದ್ದವಳು ತನ್ನನ್ನು ಗುರುತು ಹಿಡಿದು ಓಡಿಹೋದಳೆಂದು ಅವರಿಗೆ ಅನಿಸುತ್ತದೆ. ನೀವು ಮಾತು ಮುಂದುವರಿಸಲು ಇಷ್ಟಪಡುತ್ತೀರಿ ಎಂದಿದ್ದೀರಿ, ಹಾಗಿರುವಾಗ ಅನ್‌ಮ್ಯಾಚ್ ಮಾಡುವುದು ಬೇಡದ ಉತ್ತರವನ್ನು ತಾನಾಗಿಯೇ ಕೊಟ್ಟಂತೆ.

ಕಾಪುವಿನವನು

ನನಗೂ ಇಂತಹದೇ ಅನುಭವ ಆಗಿದೆ, ಆದರೆ ವಿವಾಹ ತಾಣವೊಂದರಲ್ಲಿ. ಹುಡುಗಿಯ ಪ್ರೊಫೈಲ್ ನೋಡಿದಾಗ ಅವರ ಅಣ್ಣ ನನ್ನ ಗೆಳೆಯನ ಬ್ಯಾಚಿನವರೆಂದು ತಿಳಿಯಿತು. ವಿಚಾರಿಸುವುದು ಒಳ್ಳೆಯದೆಂದು ಗೆಳೆಯನಿಗೆ ಒಂದು ಮಾತು ಹೇಳಿದೆ. ಅವನು ತನ್ನ ತಾಯಿಗೆ ಹೇಳಿದ, ತಾಯಿ ದೇವಸ್ಥಾನದಲ್ಲಿ ಸಿಕ್ಕಿದ ಯಾರಿಗೋ ಹೇಳಿದರು. ನಾನು ಆ ಹುಡುಗಿಯೊಂದಿಗೆ ಒಂದು ಸಲವೂ ಫೋನಿನಲ್ಲಿ ಮಾತನಾಡುವ ಮೊದಲೇ ಉಡುಪಿಯ ನಮ್ಮ ದೊಡ್ಡಮ್ಮ ಕರೆ ಮಾಡಿ, ಮಾತುಕತೆ ನಿಶ್ಚಯವಾಯಿತಂತಲ್ಲ ಎಂದು ಕೇಳಿದರು. ಆ ಕಡೆಯವರ ಮನೆಗೂ ಅದೇ ಸುದ್ದಿ ಮುಟ್ಟಿ, ಅವರು ಬೇಸರದಿಂದ ಹಿಂದೆ ಸರಿದರು. ಆದ್ದರಿಂದ ಮನೆಯವರಿಗೆ ಮೊದಲೇ ತಿಳಿಸಿ, ಹಿರಿಯರ ಮೂಲಕವೇ ಮುಂದುವರಿಯಿರಿ ಎಂಬುದು ನನ್ನ ಸಲಹೆ. ಎರಡೂ ಕಡೆಯ ಮನೆತನ, ಬಳಿ ಎಂಬ ಕುಲಮೂಲ ಇವೆಲ್ಲ ಹೊಂದುತ್ತವೆಯೇ ಎಂದು ಅವರೇ ನೋಡಿಕೊಳ್ಳುತ್ತಾರೆ.

ಕೊಟ್ಟಾರ ನಿವಾಸಿ

ಕಾಪುವಿನವರೇ, ನಿಮಗಾದ ನೋವು ನನಗೆ ಅರ್ಥವಾಗುತ್ತದೆ. ಆದರೆ ನಾನು ಮದುವೆಯ ಮಾತುಕತೆಯ ಹಂತದಲ್ಲಿಲ್ಲ. ಒಬ್ಬರನ್ನೊಬ್ಬರು ಇನ್ನೂ ಮುಖತಃ ನೋಡಿ ಮಾತನಾಡಿಲ್ಲ, ಹಿರಿಯರ ಬಳಿಗೆ ಒಯ್ಯುವಂತಹದ್ದು ಏನೂ ಇಲ್ಲ. ಪರಿಚಿತರ ಮೂಲಕ ಮಾತು ಹೇಗೆ ಹರಡುತ್ತದೆ ಎಂಬುದನ್ನು ಮಾತ್ರ ನಿಮ್ಮ ಅನುಭವದಿಂದ ಗಮನಿಸಿಕೊಂಡಿದ್ದೇನೆ.

ಬಲ್ಮಠದಿಂದ, ನಿವೃತ್ತ ಎಚ್‌ಆರ್

ನಾನು ಬಹಳ ವರ್ಷ ಮಾನವ ಸಂಪನ್ಮೂಲ ವಿಭಾಗದಲ್ಲಿ ದುಡಿದವಳು, ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿಯಲ್ಲಿಯೂ ಕುಳಿತವಳು. ಇಂತಹ ಸಂದರ್ಭಗಳು ಕೆಟ್ಟು ನನ್ನ ಮೇಜಿಗೆ ಬಂದಾಗ, ಇಬ್ಬರು ಒಂದೇ ಕಚೇರಿಯವರಾಗಿದ್ದುದು ಮೂಲ ತೊಂದರೆಯಾಗಿದ್ದನ್ನು ನಾನು ಕಂಡದ್ದು ಕಡಿಮೆ. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಕಳೆದ ಅವಧಿಯೇ ಹೆಚ್ಚಿನ ಸಲ ತೊಂದರೆಯ ಬೇರಾಗಿತ್ತು. ಮಗೂ, ನಿನ್ನ ವಿಷಯದಲ್ಲಿ ಆ ಅವಧಿ ಈಗ ಆರಂಭವಾಗಿದೆ. ಆತ ಅಪರಿಚಿತಳೊಂದಿಗೆ ಮಾತನಾಡುತ್ತಿದ್ದೇನೆಂದು ನಂಬಿ ತನ್ನ ಮೇಲಧಿಕಾರಿಯ ಬಗ್ಗೆ, ಸಂಬಳದ ಬಗ್ಗೆ, ಕೆಲಸ ಬಿಡುವ ಯೋಚನೆಯ ಬಗ್ಗೆ ಹೇಳಿಕೊಳ್ಳಬಹುದು. ಸಹೋದ್ಯೋಗಿಗೆ ಎಂದೂ ಹೇಳದ ಮಾತುಗಳವು. ದಿನ ಕಳೆದಂತೆ ಅಂತಹ ಮಾತುಗಳು ನಿನ್ನ ಬಳಿ ಕೂಡುತ್ತಾ ಹೋಗುತ್ತವೆ, ಮುಂದೆ ಸತ್ಯ ತಿಳಿದಾಗ ಆತನಿಗೆ ಮುಜುಗರಕ್ಕಿಂತ ಮೊದಲು ಭಯವಾಗುತ್ತದೆ. ಆದ್ದರಿಂದ ಸಭೆಗೆ ಮೊದಲೇ ಹೇಳಬೇಕು, ಹೇಳಬೇಕಾದವಳು ತಿಳಿದಿರುವ ನೀನೇ.

ಎಲ್ಲಿ ಹೇಳಬೇಕೆಂದರೆ, ಪರಿಚಯವಾದ ಅದೇ ಆಪ್‌ನಲ್ಲಿ. ಕಚೇರಿಯ ಚಾಟ್‌ನಲ್ಲಿಯೋ ಕಚೇರಿಯ ಇಮೇಲ್‌ನಲ್ಲಿಯೋ ಒಂದು ಅಕ್ಷರವೂ ಬೇಡ. ಆ ಖಾತೆಗಳು ಸಂಸ್ಥೆಯವು, ಅಲ್ಲಿ ಬರೆದದ್ದನ್ನು ಸಂಸ್ಥೆ ಬೇಕೆಂದಾಗ ತೆಗೆದು ನೋಡಬಹುದು. ಕ್ಯಾಂಟೀನಿನಲ್ಲಿ, ಲಿಫ್ಟಿನಲ್ಲಿ, ಕ್ಯಾಬಿನಲ್ಲಿ ಹೋಗಿ ಹೇಳುವುದೂ ಬೇಡ. ಮುಖದ ಮುಂದೆ ನಿಂತು ಕೇಳಿದರೆ ಆತ ಆ ಕ್ಷಣವೇ ಏನಾದರೂ ಉತ್ತರಿಸಬೇಕಾಗುತ್ತದೆ, ಸುತ್ತ ಯಾರಿದ್ದಾರೆಂದು ನೋಡುತ್ತಾ ಕೊಡುವ ಉತ್ತರ ಮನಸ್ಸಿನದಾಗಿರುವುದಿಲ್ಲ.

ನಾನಾದರೆ ಹೀಗೆ ಬರೆಯುತ್ತಿದ್ದೆ: "ಕ್ಯಾಂಟೀನು ಮತ್ತು ಲಿಫ್ಟಿನ ವಿಷಯ ಓದಿದಾಗ ನಾವಿಬ್ಬರೂ ಒಂದೇ ಕಚೇರಿಯಲ್ಲಿದ್ದೇವೆಂದು ನನಗೆ ತಿಳಿಯಿತು. ನಾನು ಮೇಲಿನ ಮಹಡಿಯ ಹಣಕಾಸು ವಿಭಾಗದಲ್ಲಿದ್ದೇನೆ, ಮುಂದಿನ ವಾರದ ಸಭೆಯಲ್ಲಿಯೂ ಇರುತ್ತೇನೆ. ಈ ವಿಷಯವನ್ನು ಕಚೇರಿಯಲ್ಲಾಗಲಿ ಪರಿಚಿತರಲ್ಲಾಗಲಿ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನನಗೆ ಮಾತು ಮುಂದುವರಿಸುವ ಮನಸ್ಸಿದೆ. ನಿಮಗೆ ಬೇಡವೆನಿಸಿದರೆ ಅನ್‌ಮ್ಯಾಚ್ ಮಾಡಿದರೂ ಸಾಕು, ಕಾರಣ ಕೇಳುವುದಿಲ್ಲ. ಸಭೆಯಲ್ಲಿ ಎಲ್ಲ ಸಹೋದ್ಯೋಗಿಗಳಂತೆಯೇ ಇರೋಣ."

ಇದರಲ್ಲಿ ಎರಡು ಮಾತುಗಳನ್ನು ಬಿಡಬಾರದು. ಮೊದಲನೆಯದು ಹೇಗೆ ತಿಳಿಯಿತು ಎಂಬುದು. ಅದನ್ನು ಹೇಳದಿದ್ದರೆ ನೀನು ಹುಡುಕಾಡಿ, ಹಿಂಬಾಲಿಸಿ ಪತ್ತೆ ಹಚ್ಚಿದೆಯೆಂಬ ಅನುಮಾನ ಉಳಿಯುತ್ತದೆ. ಎರಡನೆಯದು ವಿವರಣೆಯಿಲ್ಲದೆ ಹೊರಡಲು ಆತನಿಗೆ ಬಿಟ್ಟ ದಾರಿ. ಒಂದೇ ಕಟ್ಟಡದಲ್ಲಿ ದಿನವೂ ಕಾಣಬೇಕಾದವರಿಗೆ ಬೇಡವೆಂದು ಬಾಯಿಬಿಟ್ಟು ಹೇಳುವುದು ಅಪರಿಚಿತರಿಗಿಂತ ಕಷ್ಟ, ಆ ಕಷ್ಟವನ್ನು ನೀನೇ ಇಳಿಸಿಬಿಡಬೇಕು. ನಿನಗೆ ಮನಸ್ಸಿರುವುದರಿಂದ ಮನಸ್ಸಿದೆ ಎಂದು ಬರೆಯಬೇಕು. ಮನಸ್ಸಿಲ್ಲದವರು "ನೀವೇ ಯೋಚಿಸಿ ಹೇಳಿ" ಎಂದು ಬರೆಯುವುದು ತಪ್ಪು, ಆತ ಹೌದೆಂದರೆ ಮತ್ತೊಮ್ಮೆ ನಿರಾಕರಿಸಬೇಕಾಗುತ್ತದೆ.

ಉತ್ತರ ಬಾರದಿದ್ದರೆ ಅದನ್ನೇ ಉತ್ತರವೆಂದು ತಿಳಿಯಬೇಕು. ಇನ್ನೊಂದು ಸಂದೇಶ ಕಳುಹಿಸಬಾರದು.

ಸುರತ್ಕಲ್ ಸಂಜೆ

ಮೇಲಿನವರ ಮಾತನ್ನು ಇನ್ನೊಂದು ಬದಿಯಲ್ಲಿ ನಿಂತು ಅನುಭವಿಸಿದವನು ನಾನು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ನನ್ನೊಂದಿಗೆ ಆಪ್‌ನಲ್ಲಿ ಮಾತನಾಡುತ್ತಿದ್ದ ಸಹೋದ್ಯೋಗಿಯೊಬ್ಬರಿಗೆ ನಾನು ಯಾರೆಂಬುದು ಬಹಳ ಮೊದಲೇ ತಿಳಿದಿತ್ತು. ನನಗೆ ತಿಳಿಸಿದ್ದು ಮಾತ್ರ ಚಹಾ ಯಂತ್ರದ ಬಳಿ, ಅವರ ಇಬ್ಬರು ಗೆಳತಿಯರು ಜೊತೆಗಿರುವಾಗ. ಅವರು ಕೆಟ್ಟ ಉದ್ದೇಶದಿಂದ ಹಾಗೆ ಮಾಡಿರಲಿಕ್ಕಿಲ್ಲ. ಆದರೆ ಆ ಇಬ್ಬರು ನನ್ನ ಪ್ರೊಫೈಲಿನ ಫೋಟೊಗಳನ್ನೂ ನಾನು ಬರೆದ ಸಾಲುಗಳನ್ನೂ ಆಗಲೇ ನೋಡಿದ್ದರೆಂದು ಅವರ ಮುಖದಿಂದಲೇ ಗೊತ್ತಾಯಿತು. ಅನಂತರ ನಾನು ಆ ಮಹಡಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಯಾರಿಗೂ ತೋರಿಸಿಲ್ಲವೆಂಬ ಒಂದು ಮಾತು ಎಷ್ಟು ಮುಖ್ಯವೆಂಬುದನ್ನು ಅನುಭವಿಸಿದವರೇ ಬಲ್ಲರು. ದಯವಿಟ್ಟು ಅದನ್ನು ಬರೆಯಿರಿ, ಬರೆದ ಹಾಗೆಯೇ ನಡೆದುಕೊಳ್ಳಿ. ಆಪ್ತ ಗೆಳತಿಗೂ ಸ್ಕ್ರೀನ್‌ಶಾಟ್ ಕಳುಹಿಸಬೇಡಿ.

ಪಡುಬಿದ್ರಿ ಕಡಲು

ಸುರತ್ಕಲ್‌ನವರ ಮಾತಿನಲ್ಲಿ ಒಂದು ವಿಷಯವನ್ನು ನಾನು ಪೂರ್ತಿ ಒಪ್ಪಲಾರೆ. ಹೆಣ್ಣುಮಕ್ಕಳು ಒಬ್ಬ ಗೆಳತಿಗಾದರೂ ಪ್ರೊಫೈಲ್ ತೋರಿಸುವುದು ಹೆಚ್ಚಾಗಿ ಸುರಕ್ಷತೆಗಾಗಿ. ಯಾರನ್ನು ಎಲ್ಲಿ ಭೇಟಿಯಾಗುತ್ತೇನೆಂದು ಒಬ್ಬರಿಗೆ ತಿಳಿದಿರಬೇಕು. ಇಬ್ಬರಿಗೂ ಪರಿಚಿತರಾದವರು ಇಪ್ಪತ್ತು ಮಂದಿ ಇದ್ದರೆ ಅದು ಒಂದು ಅನುಕೂಲ, ಆ ವ್ಯಕ್ತಿ ಹೇಗಿದ್ದಾರೆಂದು ಒಬ್ಬರನ್ನು ಕೇಳಿ ತಿಳಿಯಬಹುದು. ಆ ಅವಕಾಶವನ್ನು ಗೋಪ್ಯತೆಯ ಹೆಸರಿನಲ್ಲಿ ಬಿಟ್ಟುಕೊಡಿ ಎಂದರೆ ಹೇಗೆ?

ಬಲ್ಮಠದಿಂದ, ನಿವೃತ್ತ ಎಚ್‌ಆರ್

ಒಬ್ಬರಿಗೆ ತಿಳಿದಿರಬೇಕೆಂಬುದು ಸರಿ. ಆ ಒಬ್ಬರು ಕಚೇರಿಯ ಹೊರಗಿನವರಾಗಿರಲಿ, ಸಾಧ್ಯವಾದರೆ ಆ ಇಪ್ಪತ್ತು ಮಂದಿಯ ಹೊರಗಿನವರೂ ಆಗಿರಲಿ. ಅಕ್ಕನೋ, ಬೇರೆ ಊರಿನ ಗೆಳತಿಯೋ ಸಾಕು. ಹೆಸರು, ಭೇಟಿಯ ಸ್ಥಳ ಮತ್ತು ಸಮಯ ಅವರಿಗೆ ತಿಳಿದಿದ್ದರೆ ಸುರಕ್ಷತೆಯ ಉದ್ದೇಶ ನೆರವೇರುತ್ತದೆ, ಸಂಭಾಷಣೆಯನ್ನು ಓದಿಸುವ ಅಗತ್ಯವಿಲ್ಲ.

ಇಬ್ಬರಿಗೂ ಪರಿಚಿತರಾದವರನ್ನು ವಿಚಾರಿಸುವ ವಿಷಯ ಬೇರೆ. ಕೇಳಲೇಬೇಕಾದರೆ ಬಾಯಿ ಬಿಗಿಯಿರುವ ಒಬ್ಬರನ್ನು ಮಾತ್ರ ಕೇಳಬೇಕು, ಪ್ರಶ್ನೆ ಒಂದು ಸಂಗತಿಯ ಬಗ್ಗೆ ಇರಬೇಕು. ಅವರಿಗೆ ಮದುವೆ ಆಗಿದೆಯೇ, ಅವರೊಂದಿಗೆ ಯಾರಿಗಾದರೂ ಕೆಟ್ಟ ಅನುಭವ ಆದದ್ದು ತಿಳಿದಿದೆಯೇ ಎಂಬಂತಹ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಬರುತ್ತದೆ. ಆತ ಹೇಗೆ ಎಂದು ಕೇಳಿದರೆ ಅಭಿಪ್ರಾಯ ಬರುತ್ತದೆ, ಕೂಡಲೇ ಏಕೆ ಕೇಳುತ್ತೀ ಎಂಬ ಮರುಪ್ರಶ್ನೆಯೂ ಬರುತ್ತದೆ. ಕಾಪುವಿನವರ ಪ್ರಸಂಗದಲ್ಲಿ ಸುದ್ದಿ ಹೊರಟದ್ದು ಆ ಮರುಪ್ರಶ್ನೆಗೆ ಕೊಟ್ಟ ಉತ್ತರದಿಂದಲೇ ಇರಬೇಕೆಂದು ನನ್ನ ಊಹೆ. ನನ್ನ ಅಭಿಪ್ರಾಯದಲ್ಲಿ, ವಿಚಾರಿಸುವ ಮೊದಲು ಆ ವ್ಯಕ್ತಿಗೇ ಒಂದು ಮಾತು ತಿಳಿಸುವುದು ಸಭ್ಯತೆ.

ಪಡುಬಿದ್ರಿ ಕಡಲು

ಕೊನೆಯ ಮಾತಿನಲ್ಲಿ ನನ್ನ ಭಿನ್ನಾಭಿಪ್ರಾಯ ಉಳಿಯುತ್ತದೆ, ಅಕ್ಕ. ತಿಳಿಸಿ ವಿಚಾರಿಸಿದರೆ, ಮುಚ್ಚಿಡಬೇಕಾದದ್ದು ಇರುವವನು ಮೊದಲೇ ಎಚ್ಚರಗೊಳ್ಳುತ್ತಾನೆ. ಹೆಣ್ಣುಮಕ್ಕಳು ಯಾರ ಅಪ್ಪಣೆಯನ್ನೂ ಕೇಳದೆ ವಿಚಾರಿಸಿಕೊಳ್ಳಬೇಕು.

ಮಣಿಪಾಲದ ಓದುಗ

ಸಂಪರ್ಕಗಳನ್ನು ತಡೆಹಿಡಿಯುವ ವಿಷಯದಲ್ಲಿ ಹೇಳಿದ ಮಿತಿಗಳನ್ನು ಒಪ್ಪುತ್ತೇನೆ. ಆದರೆ ಯಾರೂ ಎತ್ತದ ಒಂದು ಪ್ರಶ್ನೆ ಇದೆ. ಸಹೋದ್ಯೋಗಿಗಳ ನಡುವೆ ಸಂಬಂಧ ಇರುವುದೇ ನಿಯಮಕ್ಕೆ ವಿರುದ್ಧವಲ್ಲವೇ? ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆ ಬಂದ ಮೇಲೆ ಇಂತಹ ಸಂದೇಶ ಕಳುಹಿಸುವುದೇ ಅಪಾಯವೆಂದು ನಮ್ಮಲ್ಲಿ ಹಲವರು ಹೇಳುತ್ತಾರೆ. ಎಚ್‌ಆರ್ ವಿಭಾಗಕ್ಕೆ ಮೊದಲೇ ತಿಳಿಸಿಬಿಡುವುದು ಕ್ಷೇಮವೆಂದು ನನಗನಿಸುತ್ತದೆ.

ಬಲ್ಮಠದಿಂದ, ನಿವೃತ್ತ ಎಚ್‌ಆರ್

ಇಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ, ಬಿಡಿಸಿ ಹೇಳುತ್ತೇನೆ.

2013ರ ಕಾಯಿದೆ ಸಹೋದ್ಯೋಗಿಗಳ ಸ್ನೇಹವನ್ನಾಗಲಿ ಪ್ರೀತಿಯನ್ನಾಗಲಿ ನಿಷೇಧಿಸುವುದಿಲ್ಲ. ಮಹಿಳೆಗೆ ಬೇಡವಾದ ಲೈಂಗಿಕ ಸ್ವರೂಪದ ಮಾತು, ಸನ್ನೆ, ಸ್ಪರ್ಶ, ಬೇಡಿಕೆಗಳನ್ನು ಅದು ಕಿರುಕುಳವೆನ್ನುತ್ತದೆ. ಇಬ್ಬರೂ ಒಪ್ಪಿ ಮ್ಯಾಚ್ ಆಗಿ ಮಾತನಾಡಿದ್ದು ಅದರೊಳಗೆ ಬರುವುದಿಲ್ಲ. ಸಾಕು ಎಂದು ಒಬ್ಬರು ಹೇಳಿದ ಮೇಲೂ ಇನ್ನೊಬ್ಬರು ಕಚೇರಿಯಲ್ಲಿ ಹಿಂದೆ ಬಿದ್ದರೆ, ಕ್ಯಾಬಿನಲ್ಲಿ ಬೇಕೆಂದೇ ಪಕ್ಕದಲ್ಲಿ ಕುಳಿತು ಅಂತಹ ಮಾತು ತೆಗೆದರೆ, ಪರಿಶೀಲನೆಯ ವರದಿಯನ್ನು ಮುಂದಿಟ್ಟು ಒತ್ತಡ ತಂದರೆ ಪರಿಸ್ಥಿತಿ ಬದಲಾಗುತ್ತದೆ. ಸಂಸ್ಥೆ ಒದಗಿಸಿದ ವಾಹನವೂ ಈ ಕಾಯಿದೆಯಡಿ ಕೆಲಸದ ಸ್ಥಳವೇ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳವರೆಗೆ ವಿಸ್ತರಿಸಬಹುದು. ಈ ಕಾಯಿದೆಯಡಿ ದೂರು ಕೊಡುವ ಹಕ್ಕು ಮಹಿಳೆಗೆ. ಸುರತ್ಕಲ್‌ನವರಂತಹ ಪುರುಷರು ನೊಂದರೆ ಸಂಸ್ಥೆಯ ಸ್ವಂತ ನಡವಳಿಕೆ ನಿಯಮವನ್ನೇ ನೆಚ್ಚಿಕೊಳ್ಳಬೇಕು, ಅದು ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ.

ಎರಡನೆಯದು ಹಿತಾಸಕ್ತಿಯ ಸಂಘರ್ಷ. ಹೆಚ್ಚಿನ ಸಂಸ್ಥೆಗಳ ನಿಯಮ ಕೇಳುವುದು ಇಷ್ಟೇ: ಒಬ್ಬರ ಬಡ್ತಿ, ಸಂಬಳ, ಮೌಲ್ಯಮಾಪನ ಅಥವಾ ಲೆಕ್ಕದ ಮೇಲೆ ಇನ್ನೊಬ್ಬರಿಗೆ ಅಧಿಕಾರವಿದ್ದು, ಅವರ ನಡುವೆ ಆಪ್ತ ಸಂಬಂಧವಿದ್ದರೆ ತಿಳಿಸಬೇಕು. ಕೆಲವು ದಿನದ ಸಂದೇಶಗಳನ್ನು ಸಂಬಂಧವೆಂದು ಎಚ್‌ಆರ್‌ಗೆ ತಿಳಿಸುವುದು ಅತಿಯಾಯಿತು. ಅದರಿಂದ ಏನೂ ಆಗುವ ಮೊದಲೇ ಇಬ್ಬರ ಹೆಸರೂ ಜೊತೆಗೆ ಕಡತ ಸೇರುತ್ತದೆ, ಆತನ ಒಪ್ಪಿಗೆಯಿಲ್ಲದೆ ಆತನ ಖಾಸಗಿ ವಿಷಯ ಹೊರಬೀಳುತ್ತದೆ. ಆದರೆ ಈ ಪ್ರಕರಣದಲ್ಲಿ ಲೆಕ್ಕಪರಿಶೋಧನೆ ಇರುವುದರಿಂದ ಪೂರ್ತಿ ನಿರ್ಲಕ್ಷಿಸುವಂತೆಯೂ ಇಲ್ಲ. ಸಂದೇಶ ಕಳುಹಿಸಿದ ಮೇಲೆ ಮಾತು ಮುಂದುವರಿದರೆ, ನಿನ್ನ ಮೇಜಿನಿಂದ ಹೋದ ವೋಚರುಗಳನ್ನು ತಂಡದ ಬೇರೊಬ್ಬರು ನೋಡುವಂತೆ ಆತನೇ ತನ್ನ ಮ್ಯಾನೇಜರಲ್ಲಿ ಕೇಳಿಕೊಳ್ಳಬೇಕು. ಆ ವಿಭಾಗದಲ್ಲಿ ವೈಯಕ್ತಿಕವಾಗಿ ಪರಿಚಯದವರಿದ್ದಾರೆ ಎಂದರೆ ಸಾಕು. ಲೆಕ್ಕಪರಿಶೋಧಕರಿಗೆ ಹಾಗೆ ಹೇಳುವುದು ಹೊಸತಲ್ಲ, ತಮ್ಮನೋ ಭಾವನೋ ಇರುವ ವಿಭಾಗದ ಲೆಕ್ಕವನ್ನು ಅವರು ಹಾಗೆಯೇ ಬಿಟ್ಟುಕೊಡುತ್ತಾರೆ. ಕೇಳಬೇಕಾದವನು ಆತನೇ ಏಕೆಂದರೆ ಪರಿಶೀಲಿಸುವ ಅಧಿಕಾರ ಇರುವುದು ಆತನ ಕೈಯಲ್ಲಿ. ಮುಂದೆ ನಿನ್ನ ಲೆಕ್ಕದಲ್ಲಿ ಒಂದು ತಪ್ಪು ಕಾಣದೆ ಹೋದರೂ, ಅದನ್ನು ಮುಚ್ಚಿದನೆಂಬ ಮಾತು ಬರುವುದು ಆತನ ಮೇಲೆ.

ಸುರತ್ಕಲ್ ಸಂಜೆ

ಎಚ್‌ಆರ್‌ಗೆ ತಿಳಿಸುವ ವಿಷಯದಲ್ಲಿ ನನಗೆ ಇನ್ನೂ ಸಂದೇಹವಿದೆ. ಪರಿಚಯದವರಿದ್ದಾರೆ ಎಂಬ ಅರ್ಧ ಮಾತು ಮುಂದೆ ಪೂರ್ತಿ ವಿಷಯ ತಿಳಿದಾಗ ಮರೆಮಾಚಿದಂತೆ ಕಾಣುವುದಿಲ್ಲವೇ?

ಬಲ್ಮಠದಿಂದ, ನಿವೃತ್ತ ಎಚ್‌ಆರ್

ಕಾಣಬಹುದು. ಆದ್ದರಿಂದಲೇ ಅದು ಮೊದಲ ದಿನಗಳಿಗೆ ಮಾತ್ರ ಸಲ್ಲುವ ಮಾತು. ಇಬ್ಬರೂ ಜೊತೆಯಾಗಿದ್ದೇವೆಂದು ತಾವೇ ಒಪ್ಪಿಕೊಂಡ ದಿನ ನಿಯಮದಂತೆ ಪೂರ್ತಿ ತಿಳಿಸಬೇಕು. ಆ ದಿನ ಯಾವುದೆಂದು ಹೊರಗಿನವರು ನಿಶ್ಚಯಿಸಲಾಗದು ಎಂಬುದು ಈ ನಿಯಮಗಳೆಲ್ಲದರ ದೌರ್ಬಲ್ಯ, ನನ್ನ ಸೇವಾವಧಿಯಲ್ಲಿ ಇದಕ್ಕೆ ತೃಪ್ತಿಕರ ಉತ್ತರ ನನಗೆ ಸಿಗಲಿಲ್ಲ.

ಕೊಟ್ಟಾರ ನಿವಾಸಿ

ಎಲ್ಲರಿಗೂ ಋಣಿಯಾಗಿದ್ದೇನೆ. ಬಲ್ಮಠದ ಅಮ್ಮ ಬರೆದ ಮಾದರಿಯನ್ನು ನನ್ನ ಮಾತಿಗೆ ತಕ್ಕಂತೆ ಸ್ವಲ್ಪ ಬದಲಿಸಿ ರಾತ್ರಿ ಕಳುಹಿಸಿದೆ. ಅವರು ತಮ್ಮ ಮ್ಯಾನೇಜರ ಬಗ್ಗೆ ಹಿಂದೆ ಒಂದು ಮಾತು ಆಡಿದ್ದರು, ಅದನ್ನು ನಾನು ಎಲ್ಲಿಯೂ ಎತ್ತುವುದಿಲ್ಲವೆಂದೂ ಸೇರಿಸಿದೆ. ಮರುದಿನ ಮಧ್ಯಾಹ್ನದವರೆಗೆ ಉತ್ತರ ಬರಲಿಲ್ಲ. ಅನಂತರ ಬಂದದ್ದು ನಾನು ನಿರೀಕ್ಷಿಸಿದ ರೀತಿಯದಲ್ಲ. ಮ್ಯಾನೇಜರ ಬಗ್ಗೆ ಆಡಿದ ಮಾತಿನ ಚಿಂತೆಯೇ ಅವರಿಗೆ ಮೊದಲು ಬಂದಿತ್ತಂತೆ, ನಾನೇ ಮುಂದಾಗಿ ಅದನ್ನು ಬರೆದುದರಿಂದ ನೆಮ್ಮದಿಯಾಯಿತೆಂದು ಬರೆದರು. ಮಾತು ಮುಂದುವರಿಸಲು ಅವರಿಗೂ ಮನಸ್ಸಿದೆ, ಆದರೆ ಪರಿಶೀಲನೆಯ ಕೆಲಸ ಮುಗಿಯುವವರೆಗೆ ಭೇಟಿಯಾಗುವುದು ಬೇಡ, ಸಂದೇಶಗಳನ್ನೂ ಆ ಅವಧಿಗೆ ನಿಲ್ಲಿಸೋಣ ಎಂದರು. ನಮ್ಮ ವೋಚರುಗಳನ್ನು ತಂಡದ ಇನ್ನೊಬ್ಬರಿಗೆ ಕೊಡುವಂತೆ ಕೇಳುವುದಾಗಿಯೂ ತಿಳಿಸಿದರು. ನಾನು ಒಪ್ಪಿದೆ.

ಈಗ ನನ್ನ ಎರಡನೆಯ ಪ್ರಶ್ನೆ. ಮುಂದೆ ಭೇಟಿಯಾಗುವುದಾದರೆ ಎಲ್ಲಿ? ಕದ್ರಿ ಪಾರ್ಕಿನಲ್ಲಾಗಲಿ ಹಂಪನಕಟ್ಟೆಯ ಐಸ್‌ಕ್ರೀಂ ಅಂಗಡಿಗಳಲ್ಲಾಗಲಿ ಕುಳಿತರೆ ಆ ಇಪ್ಪತ್ತು ಮಂದಿಯಲ್ಲಿ ಒಬ್ಬರಾದರೂ ನೋಡುತ್ತಾರೆ. ಪಡುಬಿದ್ರಿಯ ಬೀಚಿಗೋ ಕಾಪುವಿನ ದೀಪಸ್ತಂಭದ ಕಡೆಗೋ ಹೋಗಬಹುದೆಂದು ಯೋಚಿಸಿದ್ದೇನೆ. ಇನ್‌ಸ್ಟಾಗ್ರಾಂನಲ್ಲಿ ಅವರನ್ನು ಫಾಲೋ ಮಾಡಬಹುದೇ ಎಂಬುದೂ ತಿಳಿಯದು.

ಕಾಪುವಿನವನು

ಕಾಪುವಿಗೆ ಬರುವುದಾದರೆ ಭಾನುವಾರ ಬೇಡ. ಮಂಗಳೂರು, ಉಡುಪಿ ಎರಡೂ ಕಡೆಯವರು ಅಂದು ಸಂಜೆ ಅಲ್ಲಿಯೇ ಇರುತ್ತಾರೆ, ನಮ್ಮ ನೆಂಟರನ್ನೇ ನಾನು ಅಲ್ಲಿ ನೋಡುತ್ತೇನೆ.

ಪಡುಬಿದ್ರಿ ಕಡಲು

ನನ್ನದೇ ಊರಿನ ಬೀಚು ಚೆನ್ನಾಗಿದೆ, ಬನ್ನಿ ಎನ್ನಲು ಇಷ್ಟ. ಆದರೆ ಈ ಕಾರಣಕ್ಕಾಗಿ ಬರಬೇಡಿ ಎನ್ನುತ್ತೇನೆ. ಕದ್ರಿ ಪಾರ್ಕಿನಲ್ಲಿ ಸಂಜೆ ಇಬ್ಬರು ಸಹೋದ್ಯೋಗಿಗಳು ನಡೆಯುತ್ತಿದ್ದರೆ ನೋಡಿದವರು ಕೈಬೀಸಿ ಹೋಗುತ್ತಾರೆ. ಅದೇ ಇಬ್ಬರು ಊರು ಬಿಟ್ಟು ಇಷ್ಟು ದೂರದ ಬೀಚಿನಲ್ಲಿ ಪರಿಚಿತರೊಬ್ಬರ ಕಣ್ಣಿಗೆ ಬಿದ್ದರೆ ಅದಕ್ಕೆ ಒಂದೇ ಅರ್ಥ, ಅದು ಮನೆ ಮುಟ್ಟುವವರೆಗೆ ನಿಲ್ಲುವುದಿಲ್ಲ. ಮೊದಲ ಭೇಟಿ ಇನ್ನೂ ಅಪರಿಚಿತರಾಗಿರುವ ವ್ಯಕ್ತಿಯೊಂದಿಗೆ ಎಂಬುದನ್ನೂ ಮರೆಯಬಾರದು, ನಿಮಗೆ ತಿಳಿದ ಊರಿನಲ್ಲಿ ಜನರಿರುವ ಕಡೆ ಭೇಟಿಯಾದರೆ ಬೇಕೆನಿಸಿದಾಗ ಆಟೊ ಹಿಡಿದು ಹೊರಡಬಹುದು. ಯಾರಾದರೂ ಕಂಡರೆ ಏನು ಹೇಳಬೇಕೆಂದು ಇಬ್ಬರೂ ಮೊದಲೇ ಮಾತನಾಡಿಕೊಳ್ಳಿ, ಆ ಮಾತು ಸುಳ್ಳಾಗಿರದಿರಲಿ. "ಒಂದೇ ಕಚೇರಿಯವರು, ಇಬ್ಬರಿಗೂ ಯಕ್ಷಗಾನದ ಹುಚ್ಚು" ಎಂದರೆ ಅದು ಸತ್ಯವೇ ತಾನೆ. ಒಬ್ಬರು ಒಂದು, ಇನ್ನೊಬ್ಬರು ಮತ್ತೊಂದು ಹೇಳಿದಾಗ ಮಾತ್ರ ಸಂಶಯ ಹುಟ್ಟುತ್ತದೆ.

ಫಾಲೋ ಮಾಡುವುದನ್ನು ಸದ್ಯಕ್ಕೆ ಬಿಟ್ಟುಬಿಡಿ. ಖಾತೆ ಖಾಸಗಿಯಾಗಿದ್ದರೂ, ನಿಮ್ಮಿಬ್ಬರನ್ನೂ ಫಾಲೋ ಮಾಡುತ್ತಿರುವ ಆ ಇಪ್ಪತ್ತು ಮಂದಿಗೆ ನಿಮ್ಮ ಪಟ್ಟಿ ತೆರೆದೇ ಇರುತ್ತದೆ. ಹೊಸ ಹೆಸರನ್ನು ಗಮನಿಸುವವರು ಅವರಲ್ಲಿ ಒಬ್ಬರಿದ್ದರೂ ಸಾಕು. ಮಾತು ಆಪ್‌ನಲ್ಲಿಯೇ ಇರಲಿ, ಅನಂತರ ಫೋನ್ ಸಂಖ್ಯೆ ಕೊಟ್ಟುಕೊಳ್ಳಬಹುದು.

ಸುರತ್ಕಲ್ ಸಂಜೆ

ನನ್ನದು ಒಂದು ಸಣ್ಣ ಸೇರ್ಪಡೆ. ಮುಂದೆ ಇದು ನಡೆಯದೆ ಹೋದರೆ ಯಾರು ಯಾರಿಗೆ ಏನು ಹೇಳುತ್ತಾರೆ ಎಂಬುದನ್ನೂ ಈಗಲೇ ಮಾತನಾಡಿಕೊಳ್ಳಿ. ಆರಂಭದಲ್ಲಿ ಆ ಮಾತು ಎತ್ತುವುದು ಅಪಶಕುನದಂತೆ ಅನಿಸಬಹುದು, ಆದರೆ ಬೇಸರ ಬಂದ ಮೇಲೆ ಅದನ್ನು ಇತ್ಯರ್ಥ ಮಾಡುವುದು ಆಗದ ಕೆಲಸ. ಇಬ್ಬರಿಗೂ ಪರಿಚಿತರಾದವರಲ್ಲಿ ಯಾರನ್ನೂ ತನ್ನ ಕಡೆಗೆ ಎಳೆದುಕೊಳ್ಳುವುದಿಲ್ಲವೆಂದು ಇಬ್ಬರೂ ಒಪ್ಪಿದರೆ, ಒಂದೇ ಮದುವೆಯ ಊಟಕ್ಕೆ ಇಬ್ಬರೂ ಹೋಗುವ ಸಂದರ್ಭ ಬಂದಾಗ ಯಾರೂ ತಪ್ಪಿಸಿಕೊಳ್ಳಬೇಕಾಗುವುದಿಲ್ಲ.

ಕೊಟ್ಟಾರ ನಿವಾಸಿ

ಪರಿಶೀಲನೆಯ ಸಭೆ ಮುಗಿಯಿತು. ಅವರು ಬಂದಿದ್ದರು, ಆದರೆ ನಮ್ಮ ಮೇಜಿನ ಕಡತಗಳನ್ನು ಅವರ ಸಹೋದ್ಯೋಗಿ ನೋಡಿದರು. ಎಲ್ಲರಿಗೂ ಮಾಡಿದಂತೆ ನನಗೂ ನಮಸ್ಕಾರ ಮಾಡಿದರು, ನಾನೂ ಮಾಡಿದೆ. ಮುಜುಗರ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ, ಆದರೆ ಕೆಲಸಕ್ಕೆ ಅಡ್ಡಿಯಾಗಲಿಲ್ಲ. ಒಂದು ಸಮಸ್ಯೆ ಮಾತ್ರ ಉಳಿದಿದೆ. ಕಡತಗಳನ್ನು ಬದಲಾಯಿಸಿದ ಕಾರಣವನ್ನು ಅವರ ಮ್ಯಾನೇಜರು ಕೇಳಿದ್ದಾರೆ, ಪರಿಚಯದವರು ಯಾರೆಂದು ಹೆಸರು ಬೇಕಂತೆ. ನನ್ನ ಹೆಸರು ಕೊಡಬಹುದೇ ಎಂದು ಅವರು ನನ್ನನ್ನು ಕೇಳಿದ್ದಾರೆ.

ಬಲ್ಮಠದಿಂದ, ನಿವೃತ್ತ ಎಚ್‌ಆರ್

ಕೇಳಿದ್ದು ಒಳ್ಳೆಯ ಲಕ್ಷಣ. ನಾನಾಗಿದ್ದರೆ ಹೆಸರು ಕೊಡಲು ಒಪ್ಪುತ್ತಿದ್ದೆ. ಲೆಕ್ಕಪರಿಶೋಧನೆಯ ಮ್ಯಾನೇಜರಿಗೆ ಹೆಸರು ಕೇಳುವ ನ್ಯಾಯವಾದ ಕಾರಣವಿದೆ, ಮುಂದಿನ ಪರಿಶೀಲನೆಗೂ ಅದು ಅವರಿಗೆ ಬೇಕಾಗುತ್ತದೆ. ಆದರೆ ಪರಿಚಯ ಎಲ್ಲಿ ಆಯಿತೆಂಬುದು ಅವರಿಗೆ ಸಂಬಂಧಿಸಿದ್ದಲ್ಲ. ಕಚೇರಿಯ ಹೊರಗಿನ ಪರಿಚಯ ಎಂಬಲ್ಲಿಗೆ ಉತ್ತರ ನಿಲ್ಲಲಿ, ಅದನ್ನು ಬರೆದು ಕೊಡುವಾಗಲೂ ಅಷ್ಟೇ ಇರಲಿ.

ಪಡುಬಿದ್ರಿ ಕಡಲು

ನಾನಾದರೆ ಕೊಡುತ್ತಿರಲಿಲ್ಲ. ಹೆಸರು ಒಮ್ಮೆ ಹೊರಬಿದ್ದರೆ ಆ ಮಹಡಿಯಲ್ಲಿ ಉಳಿದದ್ದನ್ನು ಊಹಿಸಲು ಒಂದು ಮಧ್ಯಾಹ್ನ ಸಾಕು. ಇಡೀ ವಿಭಾಗದ ಲೆಕ್ಕವನ್ನೇ ಬೇರೊಬ್ಬರಿಗೆ ವಹಿಸಿ ಎಂದು ಅವರು ಕೇಳಲಿ, ಆಗ ಯಾವ ಹೆಸರೂ ಬೇಕಾಗುವುದಿಲ್ಲ.

ಕೊಟ್ಟಾರ ನಿವಾಸಿ

ಇಬ್ಬರ ಮಾತನ್ನೂ ಅವರಿಗೆ ತಿಳಿಸುತ್ತೇನೆ. ವಿಭಾಗವನ್ನೇ ಬಿಟ್ಟುಕೊಡಲು ಅವರ ತಂಡದಲ್ಲಿ ಅಷ್ಟು ಜನರಿಲ್ಲವೆಂದು ಕೇಳಿದ್ದೇನೆ, ಆದ್ದರಿಂದ ಹೆಸರು ಕೊಡುವ ಕಡೆಗೆ ನನ್ನ ಮನಸ್ಸು ವಾಲುತ್ತಿದೆ. ಸೋಮವಾರದೊಳಗೆ ಉತ್ತರ ಕೊಡಬೇಕಾಗಿದೆ.